ಅಪ್ಪನ ಕಿಡ್ನಿಯಲ್ಲಿ ನೀರುಗುಳ್ಳೆ: ಮಕ್ಕಳನ್ನು ಪರೀಕ್ಷಿಸುವುದು ಹೇಗೆ?

52 ವರ್ಷದ ಅಪ್ಪನಿಗೆ ಪಾಲಿಸಿಸ್ಟಿಕ್ ಕಿಡ್ನಿ ಕಾಯಿಲೆ ಎಂದು ಗೊತ್ತಾಯಿತು ಅಂದುಕೊಳ್ಳಿ. ಎರಡೂ ಕಿಡ್ನಿಗಳ ತುಂಬ ನೀರುಗುಳ್ಳೆಗಳು. ಮಕ್ಕಳು ಮೂವರು: 34ರ ಮಗಳು, 24ರ ಮಗ, 12ರ ಕಿರಿಮಗಳು.

ಮೊದಲು ವಂಶದ ಲೆಕ್ಕ. ದೊಡ್ಡವರಲ್ಲಿ ಹೆಚ್ಚಾಗಿ ಕಾಣುವ ಈ ಬಗೆಯಲ್ಲಿ, ಜೀನ್‌ನ ಎರಡು ಪ್ರತಿಗಳ ಪೈಕಿ ಒಂದು ಕೆಟ್ಟಿದ್ದರೂ ಕಾಯಿಲೆ ಬರುತ್ತದೆ. ಅಪ್ಪನಿಂದ ಯಾವ ಪ್ರತಿ ಬರುತ್ತದೆ ಎಂಬುದು ನಾಣ್ಯ ಚಿಮ್ಮಿದ ಹಾಗೆ. ಪ್ರತಿ ಮಗುವಿಗೂ ಹೊಸದಾಗಿ ಚಿಮ್ಮಬೇಕು. ಅಕ್ಕನಿಗೆ ಬಂದರೆ ತಮ್ಮ ಪಾರು ಅಂತೇನಿಲ್ಲ. ಕೆಟ್ಟ ಪ್ರತಿ ಬಾರದವರು ಅದನ್ನು ತಮ್ಮ ಮಕ್ಕಳಿಗೆ ಕೊಡಲಾರರು. ತಲೆಮಾರು ಬಿಟ್ಟು ಬರುತ್ತದೆ ಅನ್ನುವುದು ಸುಮ್ನೆ ಮಾತು.

ಇನ್ನು ಸ್ಕ್ಯಾನಿಂಗ್. ಮಗಳ ಅಲ್ಟ್ರಾಸೌಂಡ್‌ನಲ್ಲಿ ಬಲಗಡೆ ಎರಡು, ಎಡಗಡೆ ಎರಡು ಗುಳ್ಳೆ ಕಂಡವು. ಮನೆಯಲ್ಲಿ ಕಾಯಿಲೆ ಇದ್ದಾಗ, 15ರಿಂದ 39 ವಯಸ್ಸಿನವರಿಗೆ ಒಟ್ಟು ಮೂರು ಗುಳ್ಳೆ ಇದ್ದರೂ ಕಾಯಿಲೆ ಖಚಿತ. 60 ದಾಟಿದವರಿಗೆ ಒಂದೊಂದು ಕಿಡ್ನಿಯಲ್ಲೂ ನಾಲ್ಕು ಬೇಕು. ವಯಸ್ಸಾದಂತೆ ಒಂದೆರಡು ಸಾದಾ ಗುಳ್ಳೆ ಯಾರಿಗಾದರೂ ಬರುತ್ತವಲ್ಲ, ಅದಕ್ಕೆ.

ಮಗನ ಸ್ಕ್ಯಾನ್‌ನಲ್ಲಿ ಒಂದೂ ಇಲ್ಲ. ಎಡವುವುದು ಇಲ್ಲೇ. 40ರ ಒಳಗೆ ಅಲ್ಟ್ರಾಸೌಂಡ್ ಸ್ವಚ್ಛವಾಗಿದ್ದರೂ ಕಾಯಿಲೆ ಇಲ್ಲ ಎಂದು ಪೂರ್ತಿ ಹೇಳಲಾಗದು, ಸಣ್ಣ ಗುಳ್ಳೆಗಳು ಅದಕ್ಕೆ ಕಾಣದೇ ಇರಬಹುದು. ಅವನು ಅಪ್ಪನಿಗೆ ಕಿಡ್ನಿ ಕೊಡುತ್ತೇನೆ ಅಂದರಂತೂ ಈ ಅನುಮಾನ ಉಳಿಯಬಾರದು. ಆಗ ಎಂಆರ್‌ಐ ಮಾಡಿಸುತ್ತಾರೆ. ಅದರಲ್ಲಿ ಒಟ್ಟು ಐದಕ್ಕಿಂತ ಕಡಿಮೆ ಗುಳ್ಳೆ ಇದ್ದರೆ ಕಾಯಿಲೆ ಇಲ್ಲವೆಂದೇ ಲೆಕ್ಕ. ಜೀನ್ ಪರೀಕ್ಷೆಯೂ ಇದೆ, ಆದರೆ ಮೊದಲು ಅಪ್ಪನದನ್ನು ಮಾಡಿಸಿ. ಯಾವ ದೋಷ ಹುಡುಕಬೇಕು ಅಂತ ಗೊತ್ತಿರಬೇಕಲ್ವಾ?

ಕಿರಿಯಳಿಗೆ ಸ್ಕ್ಯಾನಿಂಗ್‌ನ ಆತುರವಿಲ್ಲ. ವರ್ಷಕ್ಕೊಮ್ಮೆ ಬಿಪಿ ನೋಡಿಸಿದರೆ ಸಾಕು. ಏರಿದ್ದರೆ ಆಗ ಮುಂದಿನ ಪರೀಕ್ಷೆ.

ಬಿಪಿಯೇ ಯಾಕೆ? ಗುಳ್ಳೆಗಳು ಬೆಳೆದು ಅಕ್ಕಪಕ್ಕದ ರಕ್ತನಾಳಗಳನ್ನು ಒತ್ತುತ್ತವೆ. ರಕ್ತ ಸಾಲದು ಎಂದುಕೊಂಡ ಕಿಡ್ನಿ ರೆನಿನ್ ಎಂಬ ರಾಸಾಯನಿಕ ಬಿಡುತ್ತದೆ, ಅದರಿಂದ ಬಿಪಿ ಏರುತ್ತದೆ. ಕಿಡ್ನಿಯ ಕೆಲಸ ಹೇಗಿದೆ ಎಂದು ತೋರಿಸುವ, ರಕ್ತದಲ್ಲಿನ ಕ್ರಿಯೇಟಿನಿನ್ ಇನ್ನೂ ಸರಿಯಾಗಿರುವಾಗಲೇ ಇದು ಶುರುವಾಗಿರುತ್ತದೆ. ಹಾಗಾಗಿ ರಕ್ತಪರೀಕ್ಷೆ ಚೆನ್ನಾಗಿದೆ ಎಂದು ಬಿಪಿ ಬಿಡಬೇಡಿ.

ಮಗಳು ಒಂದು ವಾರ ಬೆಳಿಗ್ಗೆ, ಸಂಜೆ ಐದು ನಿಮಿಷ ಕೂತು, ಎರಡೆರಡು ಸಲ ಬಿಪಿ ನೋಡಿ ಬರೆದಿಟ್ಟಳು. ಸರಾಸರಿ 138/90. ಅವಳ ವಯಸ್ಸಿಗೆ, ಕಿಡ್ನಿ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತಿದ್ದರೆ, ತಲೆಸುತ್ತು ಬಾರದಿದ್ದರೆ, ಗುರಿ 110/75ರ ಆಸುಪಾಸು. 2014ರ ಹಾಲ್ಟ್ ಪಿಕೆಡಿ ಅಧ್ಯಯನದಲ್ಲಿ ಇಷ್ಟು ಇಳಿಸಿದವರ ಕಿಡ್ನಿ ಊದುವ ವೇಗ ಶೇ 14ರಷ್ಟು ತಗ್ಗಿತ್ತು. ಕಿಡ್ನಿಯ ಕೆಲಸ ಕುಂದುವ ವೇಗದಲ್ಲಿ ಮಾತ್ರ ಒಟ್ಟಾರೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ವೈದ್ಯರು ಸಾಮಾನ್ಯವಾಗಿ ರಾಮಿಪ್ರಿಲ್ ಅಥವಾ ಟೆಲ್ಮಿಸಾರ್ಟನ್ ತರಹದ ಮಾತ್ರೆ ಕೊಡುತ್ತಾರೆ. ಎರಡರಲ್ಲಿ ಒಂದು ಮಾತ್ರ, ಎರಡೂ ಸೇರಿಸಿ ಲಾಭವಿಲ್ಲ. ಶುರು ಮಾಡಿದ ಒಂದೆರಡು ವಾರಕ್ಕೆ ಪೊಟ್ಯಾಸಿಯಂ, ಕ್ರಿಯೇಟಿನಿನ್ ನೋಡಿಸಬೇಕು. ಅವಳು ಮಗು ಬೇಕು ಎಂದುಕೊಂಡಿದ್ದರೆ ಅದನ್ನು ಮೊದಲೇ ಹೇಳಬೇಕು. ಈ ಮಾತ್ರೆಗಳು ಹೊಟ್ಟೆಯಲ್ಲಿರುವ ಮಗುವಿಗೆ ಅಪಾಯ, ಬೇರೆಯದಕ್ಕೆ ಬದಲಾಯಿಸುತ್ತಾರೆ.