ತೆರಿಗೆ ಇಲ್ಲದಿದ್ದರೆ ಸಾಲ ಎಷ್ಟಿದ್ದರೂ ಕಂಪನಿಯ ಬೆಲೆ ಒಂದೇ: ಲೆಕ್ಕ ಮಾಡುವುದು ಹೇಗೆ?

ಕೊಡಗಿನ ಕಾಫಿ ವಹಿವಾಟಿನವರು ಬ್ಯಾಂಕಿಗಾಗಿ ಬರೆಸುವ ಯೋಜನಾ ವರದಿಗಳಲ್ಲಿ ಒಂದು ವಾದ ತಪ್ಪದೆ ಬರುತ್ತದೆ. ಷೇರುದಾರರು ಶೇ 12ರ ಪ್ರತಿಫಲ ಕೇಳುತ್ತಾರೆ, ಸಾಲ ಶೇ 8ಕ್ಕೇ ಸಿಗುತ್ತದೆ, ಆದ್ದರಿಂದ ಸಾಲ ಹೆಚ್ಚಿದಷ್ಟೂ ಬಂಡವಾಳ ಅಗ್ಗವಾಗಿ ಕಂಪನಿಯ ಬೆಲೆ ಏರುತ್ತದೆ ಎಂಬುದು ಆ ವಾದ. ಕೇಳಲು ಸರಿ ಎನಿಸುತ್ತದೆ. ಆದರೆ ತೆರಿಗೆಯ ಮಾತನ್ನು ಪಕ್ಕಕ್ಕಿಟ್ಟರೆ ಇದು ತಪ್ಪು ಎಂದು ಅರ್ಥಶಾಸ್ತ್ರಜ್ಞರಾದ ಫ್ರಾಂಕೊ ಮೊಡಿಗ್ಲಿಯಾನಿ ಮತ್ತು ಮರ್ಟನ್ ಮಿಲ್ಲರ್ 1958ರಲ್ಲೇ ತೋರಿಸಿಕೊಟ್ಟರು. ವಾಣಿಜ್ಯ ವಿದ್ಯಾರ್ಥಿಗಳು ಅವರ ಹೆಸರನ್ನೂ ಸೂತ್ರವನ್ನೂ ಕಂಠಪಾಠ ಮಾಡುತ್ತಾರೆ. ಅದು ಏಕೆ ನಿಜ ಎಂದು ಕೇಳಿದರೆ ತಡವರಿಸುತ್ತಾರೆ. ಪೆನ್ಸಿಲ್ ಹಿಡಿದು ಒಮ್ಮೆ ಲೆಕ್ಕ ಮಾಡಿದರೆ ಸೂತ್ರವನ್ನು ನೆನಪಿಡುವ ಅಗತ್ಯವೇ ಬೀಳುವುದಿಲ್ಲ.

ಮೊದಲ ಹೆಜ್ಜೆ: ಎಲ್ಲದರಲ್ಲೂ ಸಮನಾದ ಎರಡು ಕಂಪನಿಗಳು

ಕುಶಾಲನಗರದಲ್ಲಿ ಒಣಗಿದ ಕಾಫಿಯ ಸಿಪ್ಪೆ ಬಿಡಿಸಿ ಹದಮಾಡಿಕೊಡುವ ಎರಡು ಕಾಫಿ ಕ್ಯೂರಿಂಗ್ ವರ್ಕ್ಸ್ ಇವೆ ಎಂದುಕೊಳ್ಳಿ. ಯಂತ್ರ, ಕಣ, ಗೋದಾಮು, ಬರುವ ಚೆರ್ರಿ ಮತ್ತು ಪಾರ್ಚ್‌ಮೆಂಟ್, ಸಿಗುವ ಕೂಲಿ ಎಲ್ಲವೂ ಎರಡರಲ್ಲೂ ಒಂದೇ. ಬಡ್ಡಿ ಕಟ್ಟುವ ಮೊದಲು ಎರಡರ ಲಾಭವೂ ವರ್ಷಕ್ಕೆ ಸರಾಸರಿ 12 ಲಕ್ಷ ರೂಪಾಯಿ. ಮೊದಲನೆಯದಕ್ಕೆ ಸಾಲವೇ ಇಲ್ಲ, ಅದರ ಷೇರುಗಳ ಒಟ್ಟು ಬೆಲೆ 1 ಕೋಟಿ. ಎರಡನೆಯದರ ಮೇಲೆ ಶೇ 8ರ ಬಡ್ಡಿಯ 50 ಲಕ್ಷ ಸಾಲವಿದೆ. ವರ್ಷಕ್ಕೆ 4 ಲಕ್ಷ ಬಡ್ಡಿ ಹೋಗಿ ಷೇರುದಾರರಿಗೆ ಸರಾಸರಿ 8 ಲಕ್ಷ ಉಳಿಯುತ್ತದೆ.

ಇಲ್ಲಿ ಬೆಲೆ ಎಂದರೆ ಮಾರುಕಟ್ಟೆಯ ಬೆಲೆ. ಬ್ಯಾಲೆನ್ಸ್ ಶೀಟಿನಲ್ಲಿ ಬರೆದಿಟ್ಟ ಹಳೆಯ ಅಂಕಿಯನ್ನು ತೆಗೆದುಕೊಂಡರೆ ಮುಂದಿನ ಯಾವ ಹೆಜ್ಜೆಯೂ ನಿಲ್ಲುವುದಿಲ್ಲ.

ಎರಡನೆಯ ಹೆಜ್ಜೆ: ಬೆಲೆ ಬೇರೆಯಾಗಿದೆ ಎಂದು ಒಪ್ಪಿಕೊಂಡು ನೋಡಿ

ಹೆಚ್ಚಿನವರು ಎಡವುವುದು ಇಲ್ಲಿ. ಇದನ್ನು ನಿಧಾನವಾಗಿ ಓದಿ.

ಸಾಲದ ಕಂಪನಿಯ ಷೇರುಗಳಿಗೆ ಜನ 60 ಲಕ್ಷ ಕೊಡುತ್ತಿದ್ದಾರೆ ಎಂದಿಟ್ಟುಕೊಳ್ಳೋಣ. ಸಾಲದ 50 ಲಕ್ಷ ಸೇರಿಸಿದರೆ ಕಂಪನಿಯ ಒಟ್ಟು ಬೆಲೆ 1 ಕೋಟಿ 10 ಲಕ್ಷ. ಅದೇ ಯಂತ್ರ, ಅದೇ ಲಾಭ, ಆದರೂ ಸಾಲವಿದೆ ಎಂಬ ಒಂದೇ ಕಾರಣಕ್ಕೆ 10 ಲಕ್ಷ ಹೆಚ್ಚು.

ಈ ಕಂಪನಿಯ ಶೇ 10 ಷೇರು ಮಡಿಕೇರಿಯ ಒಬ್ಬ ಬೆಳೆಗಾರರ ಬಳಿ ಇದೆ ಎನ್ನಿ. ಅದರ ಬೆಲೆ 6 ಲಕ್ಷ, ವರ್ಷಕ್ಕೆ ಅವರಿಗೆ ಬರುವುದು ಸರಾಸರಿ 80 ಸಾವಿರ. ಅವರು ಷೇರು ಮಾರಿ 6 ಲಕ್ಷ ಕೈಗೆ ತೆಗೆದುಕೊಳ್ಳುತ್ತಾರೆ. ಕಂಪನಿಯ ಸಾಲದ ಶೇ 10ರಷ್ಟನ್ನು, ಅಂದರೆ 5 ಲಕ್ಷವನ್ನು, ತಮ್ಮ ಹೆಸರಿನಲ್ಲೇ ಶೇ 8ಕ್ಕೆ ಸಾಲ ಮಾಡುತ್ತಾರೆ. ಈಗ ಕೈಯಲ್ಲಿ 11 ಲಕ್ಷ. ಅದರಲ್ಲಿ 10 ಲಕ್ಷ ಕೊಟ್ಟು ಸಾಲವಿಲ್ಲದ ಕಂಪನಿಯ ಶೇ 10 ಷೇರು ಕೊಳ್ಳುತ್ತಾರೆ. ಅಲ್ಲಿಂದ 1 ಲಕ್ಷ 20 ಸಾವಿರ ಬರುತ್ತದೆ, 40 ಸಾವಿರ ಬಡ್ಡಿಗೆ ಹೋಗುತ್ತದೆ, ಉಳಿಯುವುದು ಮೊದಲಿನ 80 ಸಾವಿರವೇ. ಆದರೆ ಜೇಬಿನಲ್ಲಿ 1 ಲಕ್ಷ ನಗದು ಉಳಿದಿದೆ.

ಸರಾಸರಿ ವರ್ಷ ನೋಡಿ ಇಲ್ಲಿಗೇ ನಿಲ್ಲಿಸುವವರು ಬಹಳ. ಹಾಗೆ ನಿಲ್ಲಿಸಬೇಡಿ, ಕೆಟ್ಟ ವರ್ಷದಲ್ಲೂ ಪರೀಕ್ಷಿಸಲೇಬೇಕು. ಹೂಮಳೆ ಕೈಕೊಟ್ಟು ಫಸಲು ಕುಸಿದು, ಕ್ಯೂರಿಂಗ್‌ಗೆ ಬರುವ ಮಾಲು ಕಡಿಮೆಯಾಗಿ, ಲಾಭ 6 ಲಕ್ಷಕ್ಕೆ ಇಳಿಯಿತು ಎನ್ನಿ. ಹಳೆಯ ಷೇರನ್ನೇ ಇಟ್ಟುಕೊಂಡಿದ್ದರೆ ಬಡ್ಡಿ ಕಳೆದ 2 ಲಕ್ಷದಲ್ಲಿ ಶೇ 10, ಅಂದರೆ 20 ಸಾವಿರ. ಹೊಸ ಏರ್ಪಾಟಿನಲ್ಲಿ 60 ಸಾವಿರ ಬಂದು 40 ಸಾವಿರ ಬಡ್ಡಿಗೆ ಹೋಗಿ ಅದೇ 20 ಸಾವಿರ. ಲಾಭ 18 ಲಕ್ಷಕ್ಕೆ ಏರಿದ ವರ್ಷ ಎರಡರಲ್ಲೂ 1 ಲಕ್ಷ 40 ಸಾವಿರ. ಆದಾಯವೂ ಅಪಾಯವೂ ರೂಪಾಯಿಗೆ ರೂಪಾಯಿ ಸಮ, ಮೇಲೆ 1 ಲಕ್ಷ ಉಚಿತ.

ಇಂಥ ಅವಕಾಶವನ್ನು ಯಾರು ಬಿಡುತ್ತಾರೆ? ಎಲ್ಲರೂ ಸಾಲದ ಕಂಪನಿಯ ಷೇರು ಮಾರಿ ಇನ್ನೊಂದನ್ನು ಕೊಳ್ಳಲು ನಿಂತರೆ ಒಂದರ ಬೆಲೆ ಇಳಿಯುತ್ತದೆ, ಇನ್ನೊಂದರದ್ದು ಏರುತ್ತದೆ. ಈ ಓಟ ನಿಲ್ಲುವುದು ಎರಡೂ ಕಂಪನಿಗಳ ಒಟ್ಟು ಬೆಲೆ ಸಮವಾದಾಗ ಮಾತ್ರ. ಷೇರುದಾರ ತಾನೇ ಮಾಡಿಕೊಳ್ಳಬಲ್ಲ ಸಾಲವನ್ನು ಕಂಪನಿ ಮಾಡಿಕೊಟ್ಟರೆ ಅದಕ್ಕಾಗಿ ಹೆಚ್ಚು ದುಡ್ಡು ಕೊಡುವವರು ಯಾರೂ ಇರುವುದಿಲ್ಲ. ಪ್ರಮೇಯದ ತಿರುಳು ಇಷ್ಟೇ.

ಮೂರನೆಯ ಹೆಜ್ಜೆ: ತಿರುಗಿಸಿ ನೋಡಿ

ಸಾಲದ ಕಂಪನಿಯ ಷೇರುಗಳು 40 ಲಕ್ಷಕ್ಕೇ ಸಿಗುತ್ತಿದ್ದರೆ? ಸಾಲವಿಲ್ಲದ ಕಂಪನಿಯ 10 ಲಕ್ಷದ ಷೇರು ಮಾರಿ, 4 ಲಕ್ಷಕ್ಕೆ ಈ ಷೇರಿನ ಶೇ 10 ಕೊಂಡು, 5 ಲಕ್ಷಕ್ಕೆ ಅದರ ಸಾಲಪತ್ರದ ಶೇ 10 ಕೊಳ್ಳಿ. ಆದಾಯ ಅದೇ 1 ಲಕ್ಷ 20 ಸಾವಿರ, ಮತ್ತೆ 1 ಲಕ್ಷ ಉಳಿತಾಯ.

ನಾಲ್ಕನೆಯ ಹೆಜ್ಜೆ: ಅಗ್ಗದ ಸಾಲ ಎಲ್ಲಿ ಹೋಯಿತು?

ಬೆಲೆ ಸಮವಾದ ಮೇಲೆ ಸಾಲದ ಕಂಪನಿಯ ಷೇರು 50 ಲಕ್ಷಕ್ಕೆ ನಿಲ್ಲುತ್ತದೆ. ಅದರ ಮೇಲೆ 8 ಲಕ್ಷ ಲಾಭ ಎಂದರೆ ಶೇ 16. ಶೇ 12 ಇದ್ದದ್ದು ಶೇ 16 ಆಯಿತು ಎಂದು ಹಿಗ್ಗಬೇಡಿ. ಲಾಭ 4 ಲಕ್ಷಕ್ಕೆ ಇಳಿದ ವರ್ಷ ಸಾಲವಿಲ್ಲದ ಕಂಪನಿಯವರಿಗೆ ಶೇ 4 ಸಿಗುತ್ತದೆ, ಇವರಿಗೆ ಒಂದು ಪೈಸೆಯೂ ಇಲ್ಲ. ಆ ಹೆಚ್ಚಿದ ಏರಿಳಿತವನ್ನು ಹೊರಲು ಷೇರುದಾರರು ಕೇಳುವ ಕೂಲಿಯೇ ಹೆಚ್ಚುವರಿ ಶೇ 4. ಅರ್ಧ ಬಂಡವಾಳ ಶೇ 8, ಇನ್ನರ್ಧ ಶೇ 16: ಸರಾಸರಿ ಮತ್ತೆ ಶೇ 12ಕ್ಕೇ ಬಂತು. ಸಾಲ ಹೆಚ್ಚಿದಂತೆ ಷೇರುದಾರರ ನಿರೀಕ್ಷೆಯೂ ಏರಿ, ಅಗ್ಗದ ಬಡ್ಡಿಯಿಂದ ಸಿಕ್ಕ ಲಾಭವನ್ನು ಪೂರ್ತಿ ನುಂಗಿಹಾಕುತ್ತದೆ.

ಯೋಜನಾ ವರದಿಗೆಂದು ಕೈಯಿಂದ ಕೈಗೆ ಹರಿದಾಡುವ ಸಿದ್ಧ ಎಕ್ಸೆಲ್ ಹಾಳೆಗಳ ಬಗ್ಗೆ ಒಂದು ಮಾತು. ಹಲವು ಹಾಳೆಗಳಲ್ಲಿ ಷೇರುದಾರರ ಶೇ 12 ಎಂಬ ಅಂಕಿಯನ್ನು ಒಂದು ಕೋಶದಲ್ಲಿ ಕಲ್ಲಿನಂತೆ ಕೂರಿಸಿರುತ್ತಾರೆ. ಸಾಲ ಬದಲಿಸಿದರೂ ಅದು ಅಲುಗುವುದಿಲ್ಲ, ಹಾಗಾಗಿ ಸಾಲ ಹಾಕಿದಷ್ಟೂ ಬೆಲೆ ಏರುತ್ತಲೇ ಹೋಗುತ್ತದೆ. ಹಾಳೆ ಕೈಗೆ ಬಂದ ತಕ್ಷಣ ಸಾಲವನ್ನು ಶೇ 50ರಿಂದ ಶೇ 80ಕ್ಕೆ ಏರಿಸಿ ನೋಡಿ. ಷೇರುದಾರರ ದರ ಕದಲದಿದ್ದರೆ ಆ ಹಾಳೆಯನ್ನು ಅಳಿಸಿಹಾಕಿ, ತಿದ್ದುವ ಶ್ರಮವೂ ಬೇಡ.

ಐದನೆಯ ಹೆಜ್ಜೆ: ಎಲ್ಲಿಯವರೆಗೆ ನಿಜ?

ಮಡಿಕೇರಿಯ ಬೆಳೆಗಾರರಿಗೂ ಕಂಪನಿಗೂ ಒಂದೇ ಬಡ್ಡಿದರ ಎಂದು ಒಪ್ಪಿಕೊಂಡೆವು. ಅವರು ಸ್ವಂತ ಸಾಲಕ್ಕೆ ಶೇ 11 ಕೊಡಬೇಕಾದರೆ ಎರಡನೆಯ ಹೆಜ್ಜೆಯ ವ್ಯಾಪಾರದ ಲಾಭ ಕರಗುತ್ತದೆ, ಬೆಲೆಯ ವ್ಯತ್ಯಾಸ ಸ್ವಲ್ಪ ಮಟ್ಟಿಗೆ ಉಳಿಯಬಹುದು. ಲಾಭ 4 ಲಕ್ಷಕ್ಕಿಂತ ಕೆಳಗಿಳಿದಾಗ ಇನ್ನೊಂದು ಬಿರುಕು ಕಾಣುತ್ತದೆ. ಲಾಭ 3 ಲಕ್ಷವಾದರೆ ಕಂಪನಿಯ ಷೇರುದಾರ ಸೊನ್ನೆಗೆ ನಿಲ್ಲುತ್ತಾನೆ, ಬಾಕಿ ಬಡ್ಡಿಗಾಗಿ ಅವನ ಮನೆ ಬಾಗಿಲಿಗೆ ಯಾರೂ ಬರುವುದಿಲ್ಲ. ಸ್ವಂತ ಹೆಸರಿನಲ್ಲಿ ಸಾಲ ಮಾಡಿದವರು ಕೈಯಿಂದ 10 ಸಾವಿರ ಕಟ್ಟಬೇಕು. ಷೇರನ್ನಷ್ಟೇ ಅಡವಿಟ್ಟು, ಬೇರೆ ಆಸ್ತಿಯ ಮೇಲೆ ಹಕ್ಕಿಲ್ಲದಂತೆ ಪಡೆದ ಸಾಲವಾದರೆ ಮಾತ್ರ ಎರಡೂ ಸಮವಾಗುತ್ತವೆ. ದಿವಾಳಿಯಾದರೆ ವಕೀಲರಿಗೆ, ಹರಾಜಿಗೆ ಖರ್ಚಿಲ್ಲ ಎಂಬುದೂ ಒಳಗೇ ಅಡಗಿರುವ ಷರತ್ತು.

ಇನ್ನು ತೆರಿಗೆ. ಬಡ್ಡಿಯನ್ನು ಲಾಭದಿಂದ ಕಳೆದು ಉಳಿದದ್ದಕ್ಕೆ ತೆರಿಗೆ ಹಾಕುವಲ್ಲಿ ಸಾಲದ ಕಂಪನಿ ಸರ್ಕಾರಕ್ಕೆ ಕಡಿಮೆ ಕಟ್ಟುತ್ತದೆ, ಆ ಉಳಿತಾಯ ಅದರ ಬೆಲೆಗೆ ಸೇರುತ್ತದೆ. 1963ರಲ್ಲಿ ಮೊಡಿಗ್ಲಿಯಾನಿ ಮತ್ತು ಮಿಲ್ಲರ್ ತಮ್ಮ ಲೆಕ್ಕದ ಈ ಭಾಗವನ್ನು ತಾವೇ ತಿದ್ದಿ ಪ್ರಕಟಿಸಿದರು. ವರದಿ ಬರೆಯುವಾಗ ಈ ಉಳಿತಾಯವನ್ನು ಬೇರೆಯೇ ಸಾಲಿನಲ್ಲಿ, ತೆರಿಗೆಯ ಉಳಿತಾಯ ಎಂದೇ ಹೆಸರಿಸಿ ತೋರಿಸಿ. "ಸಾಲ ಅಗ್ಗ" ಎಂಬ ಶೀರ್ಷಿಕೆಯಡಿ ಅದನ್ನು ಸೇರಿಸಬೇಡಿ.