ಕ್ಲೇಮ್ 'ಸೆಟಲ್ಡ್' ಆಯಿತು, ದುಡ್ಡು ಮಾತ್ರ ಬರಲಿಲ್ಲ

2021ರಲ್ಲಿ ಅಪ್ಪನಿಗೆ ಹರ್ನಿಯಾ ಆಪರೇಷನ್ ಆಯಿತು. ಆಸ್ಪತ್ರೆಗೆ ನಾವೇ ದುಡ್ಡು ಕಟ್ಟಿ, ಆಮೇಲೆ ಆರೋಗ್ಯ ವಿಮಾ ಕಂಪನಿಗೆ ರೀಇಂಬರ್ಸ್‌ಮೆಂಟಿಗೆ ಹಾಕಿದ್ದೆವು. ಆಗಸ್ಟಿನಲ್ಲಿ ಪೋರ್ಟಲ್ 'ಸೆಟಲ್ಡ್' ಎಂದಿತು, ಖಾತೆಗೆ ಮಾತ್ರ ಬಿಡಿಗಾಸೂ ಬರಲಿಲ್ಲ. ಫೋನ್ ಮಾಡಿದರೆ, ಕಂಪನಿಯ ಪರವಾಗಿ ಕ್ಲೇಮ್ ನೋಡಿಕೊಳ್ಳುವ ಮಧ್ಯವರ್ತಿ ಸಂಸ್ಥೆಯಾದ ಟಿಪಿಎ ಕಡೆಯವರು ಕಂಪನಿಯನ್ನು ಕೇಳಿ ಅಂತಾರೆ, ಕಂಪನಿಯವರು ಟಿಪಿಎ ಅಂತಾರೆ. ಟಿಪಿಎ ಕಾಗದ ನೋಡಿ ಕ್ಲೇಮ್ ಮುಂದಕ್ಕೆ ಕಳಿಸುತ್ತದೆ ಅಷ್ಟೇ, ದುಡ್ಡು ಹಾಕುವುದು ಕಂಪನಿ. ಹಾಗಾಗಿ ಕಂಪನಿಯ ಕುಂದುಕೊರತೆ ಅಧಿಕಾರಿಗೇ ಮೇಲ್ ಬರೆದು, ಟಿಪಿಎಗೆ ಪ್ರತಿ ಹಾಕಿದೆ.

ವಿಷಯದ ಸಾಲಿನಲ್ಲೇ ಕ್ಲೇಮ್ ನಂಬರ್ ಮತ್ತು 'ಮಂಜೂರಾದ ಹಣ ಜಮಾ ಆಗಿಲ್ಲ' ಎಂದು ಹಾಕಿದೆ. ಒಳಗಿನ ಒಕ್ಕಣೆ ಹೀಗಿತ್ತು:

ಪಾಲಿಸಿ ನಂಬರ್, ಅವಧಿ, ಪಾಲಿಸಿದಾರರ ಹೆಸರು, ರೋಗಿಯ ಹೆಸರು
ಕ್ಲೇಮ್ ನಂಬರ್: ಕಂಪನಿಯದ್ದು, ಟಿಪಿಎಯದ್ದು
ಆಸ್ಪತ್ರೆ ಬಿಲ್ ₹68,400, ಮಂಜೂರು ₹61,250
ಕೊನೆಯ ದಾಖಲೆ ನಿಮಗೆ ತಲುಪಿದ್ದು: 14 ಜುಲೈ 2021
ಮಂಜೂರಾತಿ ಪತ್ರ: 5 ಆಗಸ್ಟ್ 2021
ಇಂದಿನವರೆಗೆ ಜಮಾ: ಇಲ್ಲ (ಪಾಸ್‌ಬುಕ್ ಪುಟ ಲಗತ್ತಿಸಿದೆ)

'ಹಣ ಕಳಿಸಿದ್ದರೆ ಯುಟಿಆರ್ ನಂಬರ್, ದಿನಾಂಕ, ಯಾವ ಖಾತೆ ಮತ್ತು ಯಾವ ಐಎಫ್‌ಎಸ್‌ಸಿಗೆ ಎಂದು ತಿಳಿಸಿ. ಕಳಿಸಿಲ್ಲದಿದ್ದರೆ ಕಳಿಸುವ ದಿನಾಂಕ ತಿಳಿಸಿ.'

ಎರಡು ಕ್ಲೇಮ್ ನಂಬರನ್ನೂ ಕೊಡಲೇಬೇಕು. ಒಂದೇ ಕೊಟ್ಟರೆ 'ನಮ್ಮ ಸಿಸ್ಟಮ್ಮಿನಲ್ಲಿ ಕಾಣಿಸುತ್ತಿಲ್ಲ' ಎಂಬ ಉತ್ತರ ಬರುತ್ತದೆ, ಮತ್ತೆ ಅದೇ ಸುತ್ತು. ಕಡಿತವಾದ ₹7,150ರ ಜಗಳವನ್ನೂ ಇದರಲ್ಲಿ ತರಲಿಲ್ಲ. ತಂದಿದ್ದರೆ ಫೈಲು ಪುನರ್‌ಪರಿಶೀಲನೆಗೆ ಹೋಗಿ ಕೂರುತ್ತಿತ್ತು. ಅತಿ ಮುಖ್ಯವಾದದ್ದು ಕೊನೆಯ ದಾಖಲೆ ತಲುಪಿದ ದಿನ, ಏಕೆಂದರೆ ಗಡುವು ಎಣಿಸುವುದು ಅಲ್ಲಿಂದ. ಆಗಿನ ನಿಯಮದಲ್ಲಿ ತನಿಖೆ ಬೇಡದ ಕ್ಲೇಮಿಗೆ 30 ದಿನ ಇತ್ತು. ತಡವಾದರೆ ಆರ್‌ಬಿಐನ ಬ್ಯಾಂಕ್ ದರದ ಮೇಲೆ ಶೇ 2 ಸೇರಿಸಿ ಬಡ್ಡಿ ಕೊಡಬೇಕು. ಆಗ ಬ್ಯಾಂಕ್ ದರ ಶೇ 4.25, ಅಂದರೆ ಬಡ್ಡಿ ಶೇ 6.25. ಅದನ್ನೂ ಒಂದೇ ಸಾಲಿನಲ್ಲಿ ಕೇಳಿದೆ.

ಯುಟಿಆರ್, ಅಂದರೆ ಬ್ಯಾಂಕ್ ವರ್ಗಾವಣೆಯ ಗುರುತು ಸಂಖ್ಯೆ, ಕೇಳಿದ್ದಕ್ಕೇ ಗಂಟು ಬಿಚ್ಚಿತು. ಹಣ ಹೊರಟು ವಾಪಸ್ ಬಂದಿತ್ತು! ಅಪ್ಪನ ಖಾತೆ ಹಳೆಯ ಸಿಂಡಿಕೇಟ್ ಬ್ಯಾಂಕಿನದು. ಕೆನರಾ ಬ್ಯಾಂಕಿನೊಂದಿಗೆ ವಿಲೀನವಾದ ಮೇಲೆ SYNB ಎಂದು ಶುರುವಾಗುವ ಐಎಫ್‌ಎಸ್‌ಸಿಗಳು 2021ರ ಜೂನ್ 30ರವರೆಗೆ ಮಾತ್ರ ನಡೆದವು. ಕ್ಲೇಮ್ ಫಾರಂನಲ್ಲಿ ನಾವು CNRB ಕೋಡನ್ನೇ ಬರೆದು ಹೊಸ ಚೆಕ್ಕಿನ ಹಾಳೆ ಲಗತ್ತಿಸಿದ್ದರೂ ಕಂಪನಿಯವರು ಪಾಲಿಸಿಯ ಹಳೆಯ ದಾಖಲೆಯಿಂದ ಕೋಡ್ ಎತ್ತಿಕೊಂಡಿದ್ದರು.

ರದ್ದು ಮಾಡಿದ ಚೆಕ್ಕನ್ನು ಮತ್ತೆ ಕಳಿಸಿದೆ, ಸೆಪ್ಟೆಂಬರ್ 13ಕ್ಕೆ ₹61,250 ಬಂತು. ಬಡ್ಡಿ ಬಂದಿರಲಿಲ್ಲ. ಅದೇ ಇಮೇಲಿಗೆ ಮುಂದುವರಿಸಿ ಕ್ಲೇಮ್ ಫಾರಂನ ಪ್ರತಿ ಲಗತ್ತಿಸಿ, ಕೊನೆಯ ದಾಖಲೆ ತಲುಪಿದ ದಿನದಿಂದ 61 ದಿನಕ್ಕೆ ಸುಮಾರು ₹640 ಎಂದು ಲೆಕ್ಕ ಬರೆದೆ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ವಿಮಾ ಓಂಬುಡ್ಸ್‌ಮನ್‌ಗೆ ದೂರು ಕೊಡುವುದಾಗಿಯೂ ಸೇರಿಸಿದೆ. ಅಲ್ಲಿಗೆ ಹೋಗುವ ಪ್ರಮೇಯ ಬರಲಿಲ್ಲ, ಬಡ್ಡಿಯೂ ಜಮಾ ಆಯಿತು.