ಕಳೆದ ಫೋನಿನಿಂದ ಮೇಳದ ಯೂಟ್ಯೂಬ್ ಖಾತೆ ಹೊರಗೆ ತೆಗೆದದ್ದು ಹೀಗೆ

ಗಂಗಾವತಿ ಕಡೆಯ ಒಂದು ಬಯಲಾಟ ಮೇಳದ ಯೂಟ್ಯೂಬ್ ಚಾನೆಲ್ ನೋಡಿಕೊಳ್ಳುವುದು ನನ್ನ ಕೆಲಸ. ರಾತ್ರಿಯಿಡೀ ನಡೆದ ಆಟದ ರೆಕಾರ್ಡಿಂಗ್‌ಗಳು ಅದರಲ್ಲಿವೆ. ಅವುಗಳಲ್ಲಿ ಹಾಡಿದ ಕೆಲವು ಹಿರಿಯರು ಈಗ ಇಲ್ಲ. ಆ ವಿಡಿಯೋಗಳಿಗೆ ಬೇರೆ ಪ್ರತಿಯೂ ಇಲ್ಲ. ಚಾನೆಲ್ ನಡೆಯುತ್ತಿದ್ದದ್ದು ಒಂದೇ ಜಿಮೇಲ್ ಖಾತೆಯ ಮೇಲೆ. ಅದು ನನ್ನ ಲ್ಯಾಪ್‌ಟಾಪ್, ನನ್ನ ಫೋನ್, ನಮ್ಮ ಬಯಲಾಟದ ಮಾಸ್ತರರ ಫೋನ್ ಮತ್ತು ಪೇಟಿ ಮಾಸ್ತರರ ಫೋನ್‌ಗಳಲ್ಲಿ ತೆರೆದಿತ್ತು. ಹುಣ್ಣಿಮೆ ದಿನ ಹುಲಿಗೆಮ್ಮನ ದರ್ಶನಕ್ಕೆ ಹೋದ ಪೇಟಿ ಮಾಸ್ತರರ ಫೋನ್ ಆ ಜನಜಂಗುಳಿಯಲ್ಲಿ ಹೋಯಿತು. ಸ್ಕ್ರೀನ್ ಲಾಕ್ ಇರಲಿಲ್ಲ. ಬೆರಳು ಸರಿಸಿದರೆ ತೆರೆಯುತ್ತಿತ್ತು. ಅಂದರೆ ಫೋನ್ ಸಿಕ್ಕವರ ಕೈಗೆ ಇಡೀ ಚಾನೆಲ್ ಸಿಕ್ಕಂತೆಯೇ.

ಇನ್ನೊಬ್ಬರ ಫೋನ್ ತೆಗೆದುಕೊಂಡು ಪೇಟಿ ಮಾಸ್ತರರು ನನಗೆ ಕರೆ ಮಾಡಿದರು. "ಸಿಮ್ ಬಂದ್ ಮಾಡ್ಸಿಬಿಡ್ತೀನ್ರಿ, ಆಗ ಎಲ್ಲಾ ಬಂದ್ ಆಗ್ತೈತಲ್ಲ?" ಅಂತ ಕೇಳಿದರು. ಬಹಳ ಜನ ಹಾಗೆಯೇ ಅಂದುಕೊಂಡಿದ್ದಾರೆ. ಆದರೆ ಯೂಟ್ಯೂಬ್ ಲಾಗಿನ್ ಸಿಮ್ ಒಳಗೆ ಇರುವುದಿಲ್ಲ, ಫೋನ್ ಒಳಗೆ ಇರುತ್ತದೆ. ಸಿಮ್ ಬಂದ್ ಆದರೂ ಯಾವುದಾದರೂ ವೈಫೈ ಸಿಕ್ಕರೆ ಖಾತೆ ಮೊದಲಿನಂತೆಯೇ ತೆರೆಯುತ್ತದೆ. ಕಳೆದ ಫೋನ್ ತಡೆಯುವ ಸರ್ಕಾರದ ಸಿಇಐಆರ್ ಪೋರ್ಟಲ್‌ನಲ್ಲಿ ಫೋನಿನ ಗುರುತಿನ ಸಂಖ್ಯೆಯಾದ ಐಎಂಇಐ ಬ್ಲಾಕ್ ಮಾಡಿಸಿದರೂ ಅಷ್ಟೇ. ಮೊಬೈಲ್ ನೆಟ್‌ವರ್ಕ್ ನಿಲ್ಲುತ್ತದೆ, ವೈಫೈ ನಿಲ್ಲುವುದಿಲ್ಲ. ಬ್ಯಾಂಕು, ಓಟಿಪಿಗಳ ಸಲುವಾಗಿ ಸಿಮ್ ಬಂದ್ ಮಾಡಿಸಲೇಬೇಕು. ಆದರೆ ಅದು ಬೇರೆ ಕೆಲಸ. ಜೊತೆಗೆ ಸಿಮ್ ಬಂದ್ ಆದ ಕ್ಷಣ ಫೋನಿಗೆ ಇಂಟರ್ನೆಟ್ ಹೋಗುತ್ತದೆ, ಆಮೇಲೆ ನಾವು ಕಳಿಸುವ ಲಾಕ್ ಅದಕ್ಕೆ ಮುಟ್ಟುವುದಿಲ್ಲ. ಹಾಗಾಗಿ "ಸ್ವಲ್ಪ ತಡೀರಿ, ಮೊದ್ಲು ಲಾಕ್ ಹಾಕ್ತೀನಿ, ಆಮೇಲೆ ಸಿಮ್ ಬಂದ್ ಮಾಡ್ಸ್ರಿ" ಅಂದೆ.

ಲ್ಯಾಪ್‌ಟಾಪಿನಲ್ಲಿ ಮೇಳದ ಖಾತೆಯಿಂದಲೇ ಗೂಗಲ್‌ನ ಫೋನ್ ಹುಡುಕುವ ಪುಟ google.com/android/find ತೆರೆದೆ. ಇಲ್ಲಿ ಒಂದು ತೊಡಕು ಬಂತು. ಮಾಸ್ತರರೂ ಪೇಟಿ ಮಾಸ್ತರರೂ ಒಂದೇ ಅಂಗಡಿಯಲ್ಲಿ ಒಂದೇ ಮಾಡೆಲ್ ಫೋನ್ ತೆಗೆದುಕೊಂಡಿದ್ದರು. ಪಟ್ಟಿಯಲ್ಲಿ ಒಂದೇ ಹೆಸರಿನ ಎರಡು ಫೋನ್ ಕಾಣಿಸಿದವು. ಯಾವುದು ಕಳೆದದ್ದು? ಇದಕ್ಕೆ ಸುಲಭದ ದಾರಿ ರಿಂಗ್ ಮಾಡುವುದು. ಫೋನ್ ಸೈಲೆಂಟ್ ಇದ್ದರೂ ಇದು ಐದು ನಿಮಿಷ ಜೋರಾಗಿ ಬಡಿದುಕೊಳ್ಳುತ್ತದೆ. ಮಾಸ್ತರರಿಗೆ ಇನ್ನೊಂದು ನಂಬರಿನಿಂದ ಕರೆ ಮಾಡಿ, ಫೋನ್ ಕೈಯಲ್ಲಿ ಹಿಡಿದುಕೊಂಡು ಕೂಡ್ರಿ ಅಂದೆ. ಮೊದಲನೆಯದನ್ನು ರಿಂಗ್ ಮಾಡಿದೆ, ಅವರ ಫೋನೇ ಕೂಗಿತು. ಹಾಗಾದರೆ ಕಳೆದದ್ದು ಎರಡನೆಯದು. ಅದರ ಜಾಗ ಮುನಿರಾಬಾದ್ ರೈಲ್ವೆ ಸ್ಟೇಷನ್ ಹತ್ತಿರ ತೋರಿಸುತ್ತಿತ್ತು.

ಆ ಫೋನಿಗೆ ಅಲ್ಲಿಂದಲೇ ಹೊಸ ಪಿನ್ ಹಾಕಿದೆ. ಮೊದಲು ಲಾಕ್ ಇಲ್ಲದ ಫೋನಿಗೂ ದೂರದಿಂದ ಲಾಕ್ ಹಾಕಬಹುದು. ಸ್ಕ್ರೀನ್ ಮೇಲೆ ಒಂದು ಸಾಲು ಬರೆದು, ಕರೆ ಮಾಡಲು ನನ್ನ ನಂಬರ್ ಕೊಟ್ಟೆ. ಲಾಕ್ ಬಿದ್ದಿದೆ ಅಂತ ಬಂದ ಮೇಲೆ ಪೇಟಿ ಮಾಸ್ತರರಿಗೆ ಸಿಮ್ ಕೆಲಸಕ್ಕೆ ಹೋಗಲು ಹೇಳಿದೆ.

ಸೈನ್ ಔಟ್ ಮಾಡುವ ಮೊದಲೇ ಲಾಕ್ ಹಾಕಿದ್ದಕ್ಕೆ ಕಾರಣ ಇದೆ. ಫೋನ್ ಹುಡುಕುವ ಈ ಸೌಲಭ್ಯ ನಡೆಯಬೇಕಾದರೆ ಆ ಫೋನಿನಲ್ಲಿ ಖಾತೆ ತೆರೆದಿರಲೇಬೇಕು. ಗಾಬರಿಯಲ್ಲಿ ಮೊದಲು ಸೈನ್ ಔಟ್ ಒತ್ತಿದರೆ, ಹುಡುಕುವ, ಲಾಕ್ ಹಾಕುವ, ಅಳಿಸಿ ಹಾಕುವ ದಾರಿಯನ್ನು ನಾವೇ ಮುಚ್ಚಿಕೊಂಡ ಹಾಗೆ. ಆದರೆ ಫೋನ್ ಆಗಲೇ ಸ್ವಿಚ್ ಆಫ್ ಆಗಿದ್ದರೆ ನಾನು ಕಾಯುತ್ತಿರಲಿಲ್ಲ, ಕೂಡಲೇ ಸೈನ್ ಔಟ್ ಮಾಡುತ್ತಿದ್ದೆ. ಆಗ ಲಾಕ್ ಆದೇಶ ಫೋನ್ ಮತ್ತೆ ಇಂಟರ್ನೆಟ್‌ಗೆ ಬರುವವರೆಗೂ ನಿಂತಿರುತ್ತದೆ. ಫೋನ್ ಹೋದರೆ ಹೋಗಲಿ, ಆ ರೆಕಾರ್ಡಿಂಗ್‌ಗಳು ಉಳಿಯಬೇಕು ಅನ್ನುವುದೇ ನನ್ನ ಲೆಕ್ಕ.

ಸಂಜೆಯವರೆಗೂ ಯಾರ ಕರೆಯೂ ಬರಲಿಲ್ಲ. ಆ ಫೋನ್ ಸಂಪರ್ಕಕ್ಕೂ ಸಿಗದಂತಾಯಿತು. ಆಗ ಸೈನ್ ಔಟ್ ಕೆಲಸಕ್ಕೆ ಕೈ ಹಾಕಿದೆ.

ಯೂಟ್ಯೂಬ್‌ಗೆ ಪ್ರತ್ಯೇಕ ಸಾಧನಗಳ ಪಟ್ಟಿ ಹುಡುಕುತ್ತಾ ಕೂರಬೇಡಿ. ಅದರ ಲಾಗಿನ್ ಗೂಗಲ್ ಖಾತೆಯದ್ದೇ. myaccount.google.com ತೆರೆದು, ಭದ್ರತೆಯ ಭಾಗಕ್ಕೆ ಹೋಗಿ, Your devices ಅನ್ನುವಲ್ಲಿ Manage all devices ಒತ್ತಬೇಕು. ಈಗ ಲಾಗಿನ್ ಇರುವ, ಕಳೆದ ಕೆಲವು ವಾರಗಳಲ್ಲಿ ಲಾಗಿನ್ ಇದ್ದ ಫೋನು, ಕಂಪ್ಯೂಟರುಗಳು ಅಲ್ಲಿ ಬರುತ್ತವೆ. ಒಂದೊಂದರ ಎದುರಿಗೂ ಊರು ಮತ್ತು ಕೊನೆಯ ಸಲ ಸಂಪರ್ಕಕ್ಕೆ ಬಂದ ಸಮಯ ಇರುತ್ತದೆ.

ಊರಿನ ಹೆಸರು ನೋಡಿ ಹೆದರಬೇಡಿ. ಮಾಸ್ತರರಿಗೆ ಪಟ್ಟಿ ತೋರಿಸಿದಾಗ ಅವರು ಬೆಚ್ಚಿಬಿದ್ದರು. "ಬೆಂಗಳೂರು ಅಂತ ತೋರಿಸ್ತೈತಲ್ಲೋ ತಮ್ಮಾ, ಯಾವನೋ ಅಲ್ಲಿಗೆ ಒಯ್ದಾನ!" ಅಂದರು. ಅವರು ಬೆರಳಿಟ್ಟು ತೋರಿಸಿದ ಫೋನ್ ಅವರ ಜೇಬಿನಲ್ಲೇ ಇತ್ತು. ಈ ಪುಟದ ಊರು ಇಂಟರ್ನೆಟ್ ವಿಳಾಸದಿಂದ ಮಾಡಿದ ಅಂದಾಜು. ಮೊಬೈಲ್ ಡೇಟಾದಲ್ಲಿ ನಮ್ಮ ಕಡೆಯ ಫೋನುಗಳು ಎಷ್ಟೋ ಸಲ ದೂರದ ದೊಡ್ಡ ಊರಿನ ಹೆಸರು ತೋರಿಸುತ್ತವೆ. ಊರಿಗಿಂತ ಸಮಯ ನಂಬಿ.

ಇಲ್ಲೂ ಒಂದೇ ಹೆಸರಿನ ಎರಡು ಫೋನ್. ಇಲ್ಲಿ ರಿಂಗ್ ಇಲ್ಲ. ಹಾಗಾಗಿ ಕೈಯಲ್ಲಿರುವವನ್ನು ಒಂದೊಂದಾಗಿ ಕಳೆಯುತ್ತಾ ಹೋದೆ. ಯಾವ ಫೋನಿನಿಂದ ಈ ಪುಟ ತೆರೆಯುತ್ತೇವೋ, ಆ ಫೋನಿನ ಹೆಸರಿನ ಕೆಳಗೆ ಅದು ಈಗ ಬಳಸುತ್ತಿರುವ ಸಾಧನ ಅಂತ ಗುರುತು ಬರುತ್ತದೆ. ಮಾಸ್ತರರ ಫೋನಿನಲ್ಲಿ ಪುಟ ತೆರೆದೆ, ಒಂದಕ್ಕೆ ಗುರುತು ಬಂತು. ಉಳಿದ ಅದೇ ಹೆಸರಿನದು ಪೇಟಿ ಮಾಸ್ತರರದ್ದು. ಅದರ ಸಮಯವೂ ಮಧ್ಯಾಹ್ನಕ್ಕೆ ನಿಂತಿತ್ತು. ಎರಡೂ ಹೊಂದಿದ ಮೇಲೆಯೇ ಅದನ್ನು ತೆರೆದು Sign out ಒತ್ತಿದೆ.

ಅದೇ ಫೋನಿನ ಹೆಸರಿನಲ್ಲಿ ಇನ್ನೊಂದು ಸಾಲೂ ಇತ್ತು. ಒಂದೇ ಫೋನಿಗೆ ಹೀಗೆ ಒಂದಕ್ಕಿಂತ ಜಾಸ್ತಿ ಲಾಗಿನ್ ಇರಬಹುದು. ಒಂದನ್ನು ತೆಗೆದು ಸುಮ್ಮನಾದರೆ ಇನ್ನೊಂದು ಹಾಗೇ ಉಳಿಯುತ್ತದೆ. ಅದನ್ನೂ ತೆಗೆದೆ. ಆಮೇಲೆ ಪುಟ ಮತ್ತೆ ತೆರೆದು ನೋಡಿದೆ. ಹೆಸರು ಪಟ್ಟಿಯಿಂದ ಮಾಯವಾಗಿರಲಿಲ್ಲ, ಆದರೆ Signed out ಅಂತ ಬರೆದಿತ್ತು. ಅಷ್ಟು ಬಂದರೆ ಕೆಲಸ ಆಗಿದೆ ಅಂತ ಅರ್ಥ.

ಇದರ ಬದಲು ಪಾಸ್‌ವರ್ಡ್ ಬದಲಿಸಿದರೆ ಸಾಕಲ್ವಾ ಅಂತ ನನ್ನನ್ನು ಕೇಳುವವರಿದ್ದಾರೆ. ಸಾಕಾಗುವುದಿಲ್ಲ. ಪಾಸ್‌ವರ್ಡ್ ಬದಲಿಸಿದರೆ ಹೆಚ್ಚಿನ ಸಾಧನಗಳಲ್ಲಿ ಖಾತೆ ತಾನಾಗಿ ಮುಚ್ಚುತ್ತದೆ. ಆದರೆ ಲಾಗಿನ್ ಆಗುವಾಗ "ಇದು ನೀವೇನಾ?" ಅಂತ ಕೇಳಿ ಖಚಿತ ಮಾಡಿಕೊಳ್ಳಲು ಬಳಸುವ ಫೋನನ್ನು ಗೂಗಲ್ ಅದರಿಂದ ಹೊರಗಿಡುತ್ತದೆ. ಕಳೆದ ಫೋನೇ ಅಂಥದ್ದಾಗಿದ್ದರೆ ಹೇಗೆ? ಪಾಸ್‌ವರ್ಡ್ ಬದಲಾದರೂ ಅದರಲ್ಲಿ ಖಾತೆ ಉಳಿಯುತ್ತದೆ. ಮೇಲಿಂದ ಆ ಪ್ರಶ್ನೆ ಅದೇ ಫೋನಿಗೆ ಹೋಗುತ್ತದೆ, ಹೌದು ಅಂತ ಒತ್ತುವವರು ಯಾರೋ. ಪೇಟಿ ಮಾಸ್ತರರ ಫೋನಿಗೂ ಆ ಪ್ರಶ್ನೆ ಹೋಗುತ್ತಿತ್ತು. ಆದ್ದರಿಂದ ಮೊದಲು ಪಟ್ಟಿಯಿಂದ ಸೈನ್ ಔಟ್, ಆಮೇಲೆ ಪಾಸ್‌ವರ್ಡ್. ನಾನು ಎರಡನ್ನೂ ಮಾಡಿದೆ. ಆ ಫೋನಿನ ಕ್ರೋಮ್‌ನಲ್ಲಿ ಹಳೇ ಪಾಸ್‌ವರ್ಡ್ ಉಳಿದಿರಬಹುದು ಅನ್ನುವ ಯೋಚನೆಯೂ ಇತ್ತು.

ಲ್ಯಾಪ್‌ಟಾಪಿನಿಂದ ನನಗೆ ಇಷ್ಟೆಲ್ಲ ಮಾಡಲು ಆದದ್ದು ಎರಡನೇ ಹಂತದ ಕೋಡ್ ನನ್ನ ನಂಬರಿಗೆ ಬರುತ್ತಿದ್ದರಿಂದ. ಆ ಕೋಡ್ ಕಳೆದ ಸಿಮ್‌ಗೇ ಬರುವಂತಿದ್ದರೆ ಕಷ್ಟ. ಡೂಪ್ಲಿಕೇಟ್ ಸಿಮ್ ಚಾಲೂ ಆದ ಮೇಲೂ ಮೊದಲ 24 ಗಂಟೆ ಎಸ್ಸೆಮ್ಮೆಸ್ ನಡೆಯುವುದಿಲ್ಲ. ಸಿಮ್ ಕಳ್ಳತನದಿಂದ ಹಣ ಹೋಗಬಾರದು ಅಂತ ಮಾಡಿದ ನಿಯಮ ಅದು. ಆ ಒಂದು ದಿನ ನೀವು ಖಾತೆಯ ಹೊರಗೇ ನಿಲ್ಲಬೇಕಾದೀತು. ಅದಕ್ಕೇ ಖಾತೆಯ ಬ್ಯಾಕಪ್ ಕೋಡ್‌ಗಳನ್ನು ಮೊದಲೇ ಕಾಗದದ ಮೇಲೆ ಇಳಿಸಿಕೊಳ್ಳಿ. ಒಂದು ಸಲಕ್ಕೆ ಹತ್ತು ಕೋಡ್ ಕೊಡುತ್ತಾರೆ, ಒಂದೊಂದೂ ಎಂಟು ಅಂಕಿಯದ್ದು, ಒಂದನ್ನು ಒಂದೇ ಸಲ ಬಳಸಬಹುದು. ನಮ್ಮವು ಮೇಳದ ಖರ್ಚಿನ ಪುಸ್ತಕದ ಹಿಂದಿನ ಪುಟದಲ್ಲಿವೆ.

ಪಟ್ಟಿ ನೋಡಿದ್ದು ಇನ್ನೊಂದು ವಿಷಯಕ್ಕೂ ಒಳ್ಳೆಯದಾಯಿತು. ಸಿರುಗುಪ್ಪ ಕಡೆ ಒಂದು ಊರಿನಲ್ಲಿ ನಮ್ಮ ಆಟದ ವಿಡಿಯೋ ತೋರಿಸಲು ಅಲ್ಲಿಯ ಟಿವಿಯಲ್ಲಿ ಇದೇ ಖಾತೆ ತೆರೆದಿದ್ದರು. ಸಾಧನಗಳ ಪಟ್ಟಿಯಲ್ಲಿ ಆ ಟಿವಿ ಕಾಣಲಿಲ್ಲ. ಕೆಲವು ಟಿವಿಗಳ ಯೂಟ್ಯೂಬ್ ಬೇರೆ ಕಡೆ ಇರುತ್ತದೆ. myaccount.google.com/connections ತೆರೆದರೆ ಅಲ್ಲಿ YouTube on TV ಅಂತ ಸಿಗುತ್ತದೆ. ಅದರ ಅನುಮತಿ ತೆಗೆದೆ. ಹಾಗೆ ಲಾಗಿನ್ ಆಗಿದ್ದ ಟಿವಿಗಳಿಂದೆಲ್ಲ ಖಾತೆ ಹೊರಬರುತ್ತದೆ. ಮನೆಯ ಟಿವಿಯಲ್ಲಿ ಮತ್ತೆ ಲಾಗಿನ್ ಮಾಡಬೇಕಾಗಬಹುದು, ಅಷ್ಟೇ.

ಸೈನ್ ಔಟ್ ಏನು ಮಾಡುವುದಿಲ್ಲ ಅನ್ನುವುದನ್ನು ಪೇಟಿ ಮಾಸ್ತರರಿಗೆ ಬಿಡಿಸಿ ಹೇಳಬೇಕಾಯಿತು. ಫೋನಿನಲ್ಲಿ ತೆಗೆದ ಫೋಟೋ, ಗ್ಯಾಲರಿಯ ವಿಡಿಯೋ ಅದರಿಂದ ಅಳಿಯುವುದಿಲ್ಲ. ವಾಟ್ಸಾಪ್ ಬೇರೆಯದೇ, ಅದು ಅವರ ನಂಬರಿನದ್ದು. ಹೊಸ ಫೋನಿನಲ್ಲಿ ಅದೇ ನಂಬರ್ ಹಾಕಿ ತೆರೆದಾಗ ಹಳೆಯದರಲ್ಲಿ ನಿಲ್ಲುತ್ತದೆ. ಎಲ್ಲ ಅಳಿಯಬೇಕಾದರೆ ಫೋನ್ ಹುಡುಕುವ ಪುಟದಿಂದ, ಸೈನ್ ಔಟ್‌ಗೂ ಮೊದಲು, ಅಳಿಸುವ ಆಯ್ಕೆ ಒತ್ತಬೇಕು. ಮೆಮೊರಿ ಕಾರ್ಡಿನಲ್ಲಿದ್ದದ್ದು ಆಗಲೂ ಉಳಿಯಬಹುದು. ಅವರ ಫೋನಿನಲ್ಲಿ ಮೊಮ್ಮಗಳ ಫೋಟೋಗಳಿದ್ದವು, ಫೋನ್ ಸಿಕ್ಕರೆ ಅವು ಬೇಕು ಅಂದರು. ಲಾಕ್ ಬಿದ್ದಿದ್ದರಿಂದ ನಾನೂ ಒಪ್ಪಿ ಅಳಿಸಲಿಲ್ಲ.

ಒಂದೇ ಖಾತೆಯನ್ನು ಎಲ್ಲರ ಫೋನಿನಲ್ಲಿ ತೆರೆಯುವ ಪದ್ಧತಿಯನ್ನೂ ಬಿಟ್ಟೆವು. ಯೂಟ್ಯೂಬ್ ಸ್ಟುಡಿಯೋದ Settings ಒಳಗೆ Permissions ಇದೆ. ಅಲ್ಲಿಂದ ಇಬ್ಬರೂ ಮಾಸ್ತರರ ಸ್ವಂತ ಜಿಮೇಲ್‌ಗೆ ಆಹ್ವಾನ ಕಳಿಸಿ Editor ಅಂತ ಸೇರಿಸಿದೆ. ಅವರು ವಿಡಿಯೋ ಏರಿಸಬಹುದು, ತಿದ್ದಬಹುದು. ಆಗಲೇ ಪ್ರಕಟವಾದ ವಿಡಿಯೋ ಅಳಿಸಲು ಆಗುವುದಿಲ್ಲ. ಮುಂದೆ ಯಾರ ಫೋನಾದರೂ ಹೋದರೆ, ಅವರು ತಮ್ಮ ಖಾತೆ ನೋಡಿಕೊಳ್ಳುವಷ್ಟರಲ್ಲಿ ನಾನು ಆ ಪಟ್ಟಿಯಿಂದ ಅವರ ಹೆಸರು ತೆಗೆದರೆ ಚಾನೆಲ್ ಬಾಗಿಲು ಆ ಫೋನಿಗೆ ಮುಚ್ಚುತ್ತದೆ. ಮೇಳದ ಮೂಲ ಖಾತೆ ಈಗ ನನ್ನ ಲ್ಯಾಪ್‌ಟಾಪ್ ಮತ್ತು ಫೋನಿನಲ್ಲಿ ಮಾತ್ರ ಇದೆ.